ಠರಾವಿನ ದೃಢೀಕೃತ ನಕಲು ಮತ್ತು ಮನೆ ಜಾಗದ ಉತಾರ ಕೋರಿ ಗ್ರಾಮ ಪಂಚಾಯತಿಗೆ ಅರ್ಜಿ

ದಿನಾಂಕ: 04-11-2025
ಸ್ಥಳ: ಹಿರೇಕೆರೆಕೊಪ್ಪ

ಇವರಿಗೆ,
ಪಂಚಾಯತ್ ಅಭಿವೃದ್ಧಿ ಅಧಿಕಾರಿಗಳು,
ಗ್ರಾಮ ಪಂಚಾಯತಿ ಕಾರ್ಯಾಲಯ, ಹಿರೇಕೆರೆಕೊಪ್ಪ,
ತಾ. ಶಿಗ್ಗಾಂವಿ, ಜಿ. ಹಾವೇರಿ.

ಇವರಿಂದ,
ಬಸವರಾಜ ತಂದೆ ಫಕ್ಕೀರಪ್ಪ ಕಮ್ಮಾರ, ವಯಸ್ಸು 44, ಉದ್ಯೋಗ: ವೆಲ್ಡಿಂಗ್ ಕೆಲಸ,
ಸಾ. ಹಿರೇಕೆರೆಕೊಪ್ಪ, ಸದ್ಯ ವಸ್ತಿ ಹುಬ್ಬಳ್ಳಿ.
(ತಾಯಿ ಗೌರವ್ವ ಕೋಂ ಫಕ್ಕೀರಪ್ಪ ಕಮ್ಮಾರ, ವಯಸ್ಸು 71, ಇವರ ಪರವಾಗಿ)

ವಿಷಯ: ವಿಪಿಸಿ ನಂ. 217ರ ಮನೆ ಜಾಗಕ್ಕೆ ಸಂಬಂಧಿಸಿದ ವಾರಸಾ ಠರಾವಿನ ದೃಢೀಕೃತ ನಕಲು ಹಾಗೂ ಸದರಿ ಜಾಗದ ಉತಾರ ಕೊಡುವ ಕುರಿತು.

ಉಲ್ಲೇಖ: ದಿನಾಂಕ 18-01-2019ರ ಮಾಸಿಕ ಸಾಮಾನ್ಯ ಸಭೆಯ ನಡಾವಳಿ, ವಿಷಯ ಸಂಖ್ಯೆ 14.

ಮಾನ್ಯರೇ,

ನಮ್ಮೂರ ಗಾಂವಠಾಣದಲ್ಲಿ ವಿಪಿಸಿ ನಂ. 217ರ ಖುಲ್ಲಾ ಜಾಗ ನನ್ನ ತಂದೆ ದಿವಂಗತ ಫಕ್ಕೀರಪ್ಪ ಕಮ್ಮಾರ ಅವರ ಹೆಸರಿನಲ್ಲಿತ್ತು. ಅಳತೆ ಪೂರ್ವ-ಪಶ್ಚಿಮ 30 ಫೂಟು, ದಕ್ಷಿಣೋತ್ತರ 40 ಫೂಟು, ಒಟ್ಟು 1,200 ಚದರ ಫೂಟು. ಚೆಕ್ಕುಬಂದಿ: ಪೂರ್ವಕ್ಕೆ ಪಂಚಾಯತಿ ರಸ್ತೆ, ಪಶ್ಚಿಮಕ್ಕೆ ಹಿತ್ತಲ ಗೋಡೆ ಮತ್ತು ಅದರಾಚೆ ವಿಪಿಸಿ ನಂ. 216, ಉತ್ತರಕ್ಕೆ ವಿಪಿಸಿ ನಂ. 218ರ ಮನೆ, ದಕ್ಷಿಣಕ್ಕೆ ಕುಡಿಯುವ ನೀರಿನ ಟ್ಯಾಂಕಿಗೆ ಹೋಗುವ ಕಾಲುದಾರಿ.

ತಂದೆಯವರು 2018ರ ಆಗಸ್ಟ್‌ನಲ್ಲಿ ತೀರಿಕೊಂಡ ಮೇಲೆ ಮರಣ ಪ್ರಮಾಣಪತ್ರ, ವಂಶಾವಳಿ ಮತ್ತು ನಾನೂ ನನ್ನ ಇಬ್ಬರು ತಂಗಿಯರೂ ಬರೆದುಕೊಟ್ಟ ಸಮ್ಮತಿ ಪತ್ರ ಸೇರಿಸಿ ತಾಯಿಯವರು ವಾರಸಾ ಅರ್ಜಿ ಕೊಟ್ಟಿದ್ದರು. ಅದು ಉಲ್ಲೇಖಿತ ಸಭೆಯ ಮುಂದೆ ಬಂದು, ತಂದೆಯವರ ಹೆಸರು ಕಡಿಮೆ ಮಾಡಿ ತಾಯಿಯವರ ಹೆಸರು ದಾಖಲಿಸಲು ಠರಾವಾಗಿದೆ. ಆ ಮೇಲೆ ಕರ ಕಟ್ಟುತ್ತ ಬಂದಿದ್ದೇವೆ. 2019-20ರಿಂದ 2024-25ರವರೆಗಿನ ಪಾವತಿಗಳೆಲ್ಲ ತಾಯಿಯವರ ಹೆಸರಿನಲ್ಲೇ ಇವೆ. ಆದರೆ ಕಂಪ್ಯೂಟರ್ ಉತಾರದಲ್ಲಿ ಮಾಲೀಕರ ಕಾಲಂನಲ್ಲಿ ಇಂದಿಗೂ ತಂದೆಯವರ ಹೆಸರೇ ಬರುತ್ತಿದೆ. ಅಂದರೆ ಕರ ಕಟ್ಟುವವರು ಒಬ್ಬರು, ಉತಾರದಲ್ಲಿ ಮಾಲೀಕರು ಇನ್ನೊಬ್ಬರು.

ತಾಯಿಯವರು ಈ ಜಾಗವನ್ನು ನನಗೆ ಬಕ್ಷೀಸು ಪತ್ರ ಮಾಡಿಕೊಡಬೇಕೆಂದಿದ್ದಾರೆ. ಅಲ್ಲಿ ಸಣ್ಣದೊಂದು ಮನೆ ಕಟ್ಟಿ ಅವರನ್ನು ನೋಡಿಕೊಳ್ಳುವ ವಿಚಾರ ನನ್ನದು. ಬ್ಯಾಂಕಿನ ಸಾಲವೂ ಬೇಕಾಗುತ್ತದೆ. ಇ-ಸ್ವತ್ತು ಬಂದ ಮೇಲೆ ಕೈಬರಹದ ಉತಾರ ಹಿಡಿದು ಉಪನೋಂದಣಾಧಿಕಾರಿಗಳ ಕಚೇರಿಗೆ ಹೋದರೆ ಕೆಲಸ ಆಗುವುದಿಲ್ಲ, ನಮೂನೆ 9 ಮತ್ತು 11ಎ ಬೇಕೇ ಬೇಕು. ಅವುಗಳಲ್ಲಿ ತಂದೆಯವರ ಹೆಸರಿದ್ದರೆ, ತೀರಿಹೋದವರು ಬಕ್ಷೀಸು ಬರೆದುಕೊಡುವಂತಿಲ್ಲ. ಹೆಸರು ದುರಸ್ತಿಗೆ ಬೇರೆ ಅರ್ಜಿ ಹಾಕುವವನಿದ್ದೇನೆ. ಅದಕ್ಕೆ ಆಧಾರವಾಗಿ ಮೊದಲು ಠರಾವಿನ ನಕಲು ನನ್ನ ಕೈಗೆ ಸಿಗಬೇಕು. ಈ ಅರ್ಜಿಯಲ್ಲಿ ಯಾವ ದುರಸ್ತಿಯನ್ನೂ ಕೇಳುತ್ತಿಲ್ಲ, ದಾಖಲೆಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಕೊಡಿರೆಂದಷ್ಟೇ ಕೇಳುತ್ತಿದ್ದೇನೆ.

ಇದನ್ನು ಒತ್ತಿ ಹೇಳಲು ಕಾರಣವಿದೆ. ಕಳೆದ ತಿಂಗಳು ಕಾರ್ಯಾಲಯದಲ್ಲಿ ಕೇಳಿದಾಗ ಕರವಸೂಲಿಗಾರರು ದೊಡ್ಡ ಮನಸ್ಸು ಮಾಡಿ ನಡಾವಳಿ ಪುಸ್ತಕ ತೆಗೆದು ಆ ಪುಟ ತೋರಿಸಿದರು. ವಿಷಯ ಸಂಖ್ಯೆ 14ರ ಎರಡನೇ ಸಾಲಿನಲ್ಲಿ ಮೊದಲು 271 ಎಂದು ಬರೆದು, ಅದರ ಮೇಲೆಯೇ ನೀಲಿ ಶಾಯಿಯಲ್ಲಿ 217 ಎಂದು ತಿದ್ದಲಾಗಿದೆ. ತಿದ್ದಿದ ಜಾಗದ ಪಕ್ಕದಲ್ಲಿ ಸಣ್ಣ ಸಹಿ ನನ್ನ ಕಣ್ಣಿಗೆ ಬೀಳಲಿಲ್ಲ. ವಿಪಿಸಿ ನಂ. 271 ಬೇರೆ ಓಣಿಯಲ್ಲಿ ಬೇರೆ ಮನೆತನದ ಆಸ್ತಿ. ಅದೇ ಠರಾವಿನ ಕೆಳಗಿನ ಸಾಲುಗಳಲ್ಲಿ ತಂದೆಯವರ ಹೆಸರು, ಜಾಗದ ಅಳತೆ, ದಕ್ಷಿಣಕ್ಕೆ ಟ್ಯಾಂಕಿನ ದಾರಿ ಎಂಬುದು ಸ್ಪಷ್ಟವಾಗಿ ಇರುವುದರಿಂದ ಠರಾವು ನಮ್ಮ ಜಾಗದ್ದೇ ಎಂಬುದರಲ್ಲಿ ಅನುಮಾನವಿಲ್ಲ. ಆದರೂ ಹೊಸದಾಗಿ ಟೈಪ್ ಮಾಡಿ ಬರೀ 217 ಎಂದು ಹಾಕಿಕೊಟ್ಟರೆ, ನಾಳೆ ಯಾರಾದರೂ ಮೂಲ ಪುಸ್ತಕ ತೆರೆಸಿದಾಗ ನಕಲೂ ಅಸಲೂ ತಾಳೆಯಾಗದೆ ನಮ್ಮ ಮೇಲೆಯೇ ಸಂಶಯ ಬರುತ್ತದೆ. ಆದ್ದರಿಂದ ಟೈಪ್ ಪ್ರತಿಯ ಬದಲು, ತಿದ್ದುಪಡಿಯೂ ಕಾಣುವಂತೆ ಮೂಲ ಪುಟದ ಜೆರಾಕ್ಸ್ ಮೇಲೆ ದೃಢೀಕರಿಸಿ ಕೊಡಬೇಕು.

ನನಗೆ ಬೇಕಾದ ನಕಲುಗಳು ಇವು. ಸದರಿ ಸಭೆಯ ನಡಾವಳಿಯಲ್ಲಿ ಸಭೆಯ ದಿನಾಂಕ ಮತ್ತು ಹಾಜರಿದ್ದ ಸದಸ್ಯರ ಸಹಿಗಳಿರುವ ಪುಟ, ವಿಷಯ ಸಂಖ್ಯೆ 14 ಪೂರ್ತಿಯಾಗಿ, ಮತ್ತು ಅಧ್ಯಕ್ಷರ ಸಹಿ ಇರುವ ಕೊನೆಯ ಪುಟ. ವಿಷಯದ ನಾಲ್ಕು ಸಾಲು ಮಾತ್ರ ಕೊಟ್ಟರೆ ಅದು ಯಾವ ಸಭೆಯದ್ದೆಂದು ಬ್ಯಾಂಕಿನ ವಕೀಲರು ಮತ್ತೆ ಕೇಳುತ್ತಾರೆ. ಉತಾರದ ಬಗ್ಗೆ ಹೇಳುವುದಾದರೆ, ವಿಪಿಸಿ ನಂ. 217ರ ನಮೂನೆ 9 ಮತ್ತು ನಮೂನೆ 11ಎ ಇಂದಿನ ಸ್ಥಿತಿಯಲ್ಲಿ, ಅಂದರೆ ತಂದೆಯವರ ಹೆಸರಿದ್ದರೂ ಸರಿಯೇ, ತಮ್ಮ ಡಿಜಿಟಲ್ ಸಹಿಯೊಂದಿಗೆ. ಜೊತೆಗೆ 2018-19 ಮತ್ತು 2019-20ನೇ ಸಾಲಿನ ಕೈಬರಹದ ಡಿಮ್ಯಾಂಡ್ ರಜಿಸ್ಟರಿನಲ್ಲಿ ಈ ಆಸ್ತಿ ನಮೂದಾಗಿರುವ ಪುಟಗಳ ದೃಢೀಕೃತ ನಕಲು. ಹೆಸರು ಬದಲಾದ ವರ್ಷ ಯಾವುದೆಂಬುದು ಆ ಎರಡು ಪುಟ ಪಕ್ಕಪಕ್ಕದಲ್ಲಿಟ್ಟರೆ ತಾನೇ ತಿಳಿಯುತ್ತದೆ. ಎಲ್ಲವೂ ಎರಡೆರಡು ಪ್ರತಿ ಬೇಕು: ಒಂದು ನೋಂದಣಿಗೆ, ಒಂದು ಬ್ಯಾಂಕಿಗೆ.

ಪ್ರತಿ ನಕಲಿನ ಅಡಿಯಲ್ಲಿ ಮೂಲದೊಂದಿಗೆ ತಾಳೆ ನೋಡಿದ ನಿಜ ಪ್ರತಿ ಎಂಬ ಒಕ್ಕಣೆ, ದಿನಾಂಕ, ತಮ್ಮ ಹೆಸರು, ಹುದ್ದೆ, ಸಹಿ ಹಾಗೂ ಕಾರ್ಯಾಲಯದ ಮೊಹರು ಇರಲಿ. ಭಾರತೀಯ ಸಾಕ್ಷ್ಯ ಅಧಿನಿಯಮ 2023ರ ಕಲಂ 75ರಲ್ಲಿ ದೃಢೀಕೃತ ನಕಲು ಹೀಗಿರಬೇಕೆಂದಿದೆ. ಬರೀ ಗುಂಡು ಮೊಹರು ಒತ್ತಿದ ಜೆರಾಕ್ಸ್ ನಡೆಯುವುದಿಲ್ಲವೆಂದು ದಸ್ತು ಬರೆಯುವವರು ಮೊದಲೇ ಹೇಳಿದ್ದಾರೆ.

ನಕಲು ಶುಲ್ಕ ಎಷ್ಟಾಗುತ್ತದೆಂದು ತಿಳಿಸಿದರೆ ಕಟ್ಟಿ ಪಾವತಿ ಪಡೆಯುತ್ತೇನೆ. 2025-26ರ ಮನೆ ಕರ ಬಾಕಿ ಇದ್ದರೆ ಅದನ್ನೂ ಅದೇ ದಿನ ತುಂಬುತ್ತೇನೆ. ಇದು ಮಾಹಿತಿ ಹಕ್ಕಿನ ಅರ್ಜಿ ಅಲ್ಲ. 10 ರೂಪಾಯಿ ಕಟ್ಟಿ ಆ ದಾರಿಯಲ್ಲೂ ಕೇಳಬಹುದೆಂದು ಗೊತ್ತಿದೆ. ಆದರೆ ನಮ್ಮದೇ ಜಾಗದ ಕಾಗದಕ್ಕೆ ನಮ್ಮದೇ ಪಂಚಾಯತಿಯೊಂದಿಗೆ ಅಷ್ಟು ದೂರ ಹೋಗುವುದು ಬೇಡವೆನಿಸಿತು.

ಒಂದು ವೇಳೆ ಯಾವುದಾದರೂ ದಾಖಲೆ ಸಿಗದಿದ್ದರೆ ಅಥವಾ ಕೊಡಲು ಬರುವುದಿಲ್ಲವೆಂದಾದರೆ, ಯಾವ ದಾಖಲೆ, ಯಾವ ಕಾರಣ ಎಂದು ಲಿಖಿತ ಹಿಂಬರಹ ಕೊಡಬೇಕು. ಬಾಯಿಮಾತಿನ ಉತ್ತರವನ್ನು ತಾಲೂಕು ಪಂಚಾಯತಿಗಾಗಲಿ ಬ್ಯಾಂಕಿಗಾಗಲಿ ತೋರಿಸಲು ಬರುವುದಿಲ್ಲ. ಉಳಿದವು ತಯಾರಿದ್ದರೆ ಅವನ್ನು ತಡೆಹಿಡಿಯದೆ ಮೊದಲು ಕೊಟ್ಟುಬಿಡಿ.

ತಾಯಿಯವರಿಗೆ ಮೊಣಕಾಲು ನೋವಿರುವುದರಿಂದ ಕಾರ್ಯಾಲಯದ ಮೆಟ್ಟಿಲು ಹತ್ತಿ ಬರಲಾಗುವುದಿಲ್ಲ. ಅವರ ಹೆಬ್ಬೆಟ್ಟಿನ ಗುರುತಿರುವ ಅಧಿಕಾರ ಪತ್ರ ಲಗತ್ತಿಸಿದ್ದೇನೆ. ನನಗೆ ಸೋಮವಾರ ರಜೆ ಇರುವುದರಿಂದ ಯಾವ ಸೋಮವಾರ ಕರೆದರೂ ಹುಬ್ಬಳ್ಳಿಯಿಂದ ಬಂದು ಸಹಿ ಮಾಡಿ ಒಯ್ಯುತ್ತೇನೆ. ನನ್ನ ಮೊಬೈಲ್ ನಂಬರ್ ಕರವಸೂಲಿಗಾರರ ಬಳಿ ಇದೆ.

ಈ ಅರ್ಜಿಯ ಎರಡನೇ ಪ್ರತಿಯ ಮೇಲೆ ಆವಕ ಸಂಖ್ಯೆ, ದಿನಾಂಕ ಹಾಕಿ ಸ್ವೀಕೃತಿ ಕೊಡಬೇಕೆಂದು ವಿನಂತಿ.

ತಮ್ಮ ವಿಶ್ವಾಸಿ,
(ಸಹಿ)
ಬಸವರಾಜ ಫಕ್ಕೀರಪ್ಪ ಕಮ್ಮಾರ

ಲಗತ್ತು: ತಾಯಿಯವರ ಅಧಿಕಾರ ಪತ್ರ, ತಾಯಿಯವರ ಮತ್ತು ನನ್ನ ಆಧಾರ್ ಜೆರಾಕ್ಸ್, ತಂದೆಯವರ ಮರಣ ಪ್ರಮಾಣಪತ್ರ ಹಾಗೂ ವಂಶಾವಳಿಯ ಜೆರಾಕ್ಸ್, 2019-20 ಮತ್ತು 2024-25ರ ಕರ ಪಾವತಿಗಳ ಜೆರಾಕ್ಸ್, ತಂದೆಯವರು 2011ರಲ್ಲಿ ಪಡೆದಿದ್ದ ಕೈಬರಹದ ಉತಾರದ ಜೆರಾಕ್ಸ್ (ಅಸಲು ನಮ್ಮ ಬಳಿ ಇದೆ, ಬೇಕಾದರೆ ತಂದು ತೋರಿಸುತ್ತೇನೆ).