ನಾಣ್ಯದ ಹತ್ತಿರ ಉದ್ರಿ ಪುಸ್ತಕವಿಲ್ಲ

ಬಾಗಲಕೋಟೆಯ ನವನಗರದಲ್ಲಿ ನಮ್ಮ ಓಣಿಯ ಹುಡುಗರದೊಂದು ಟೆನಿಸ್ ಬಾಲ್ ತಂಡವಿದೆ. ಕಳೆದ ಬೇಸಿಗೆಯ ಟೂರ್ನಿಯಲ್ಲಿ ಅದರ ನಾಯಕ ಸತತ ಐದು ಟಾಸ್ ಸೋತ. ಆರನೆಯ ಪಂದ್ಯದ ಹಿಂದಿನ ಸಂಜೆ ಚಹಾದಂಗಡಿಯಲ್ಲಿ ಎಲ್ಲರದೂ ಒಂದೇ ಮಾತು: ‘ಐದು ಸೋತಾಯಿತು, ನಾಳೆ ನಮ್ಮದೇ.’ ಅಂಗಡಿಯ ಕಾಕಾ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ‘ಎಷ್ಟಂತ ಬಾಕಿ ಇಟ್ಟುಕೊಳ್ಳುತ್ತದೆ? ಒಂದಲ್ಲ ಒಂದು ದಿನ ಚುಕ್ತಾ ಮಾಡಲೇಬೇಕಲ್ಲ’ ಎಂದರು. ಅವರ ಗಲ್ಲೆಯ ಪಕ್ಕದಲ್ಲಿ ಉದ್ರಿ ಬರೆಯುವ ನೋಟ್‌ಬುಕ್ ಇತ್ತು. ಅದರಲ್ಲಿ ನನ್ನ ಹೆಸರೂ ಇತ್ತೆನ್ನಿ.

ಗಣಿತ ಕಲಿಸುವ ನನಗೆ ಆ ಮಾತು ಬಹಳ ಹಿಡಿಸಿತು, ಅದು ತಪ್ಪಾಗಿದ್ದರೂ. ‘ಜೂಜುಗಾರನ ಭ್ರಮೆ’ ಎಂದು ಕರೆಯುವ ತಪ್ಪನ್ನು ಇದಕ್ಕಿಂತ ಚೊಕ್ಕಟವಾಗಿ ಹೇಳುವುದು ಕಷ್ಟ. ಒಂದು ಫಲಿತಾಂಶ ಬಹಳ ಹೊತ್ತು ಬರದಿದ್ದರೆ ಅದು ನಮಗೆ ಬಾಕಿ ಇದೆ, ಬೇಗನೆ ಬಂದೇ ಬರುತ್ತದೆ ಎಂಬ ನಂಬಿಕೆಯೇ ಆ ಭ್ರಮೆ.

ಜೇಬಿನಿಂದ ಒಂದು ರೂಪಾಯಿ ತೆಗೆಯಿರಿ. ಒಂದು ಕಡೆ ಸಿಂಹ, ಇನ್ನೊಂದು ಕಡೆ ಅಂಕಿ. ಬೆಳಗಾವಿಯ ಮರಾಠಿ ಗೆಳೆಯರಿಗೆ ಇದೇ ಛಾಪಾ–ಕಾಟಾ. ಎರಡು ಸಲ ಚಿಮ್ಮಿದಿರಿ, ಎರಡೂ ಸಲ ಸಿಂಹ ಬಿತ್ತು. ಮೂರನೆಯ ಸಲ? ‘ಮೂರು ಸಿಂಹ ಒಟ್ಟಿಗೆ ಬೀಳುವುದು ಅಪರೂಪ, ಆದ್ದರಿಂದ ಈಗ ಅಂಕಿಯೇ’ ಎಂದು ಮನಸ್ಸು ಹೇಳುತ್ತದೆ. ಮೂರು ಸಲ ಚಿಮ್ಮಿದಾಗ ಬರಬಹುದಾದ ಸಾಲುಗಳು ಒಟ್ಟು ಎಂಟು. ಅವುಗಳಲ್ಲಿ ಸಿಂಹ–ಸಿಂಹ–ಸಿಂಹ ಒಂದೇ ಒಂದು. ಅಪರೂಪವೆಂಬುದು ನಿಜವೇ. ಆದರೆ ಸಿಂಹ–ಸಿಂಹ–ಅಂಕಿ ಎಂಬ ಸಾಲು ಎಷ್ಟಿವೆ? ಅದೂ ಒಂದೇ. ಮೊದಲ ಎರಡು ಸಿಂಹ ಬಿದ್ದಾಗಿದೆ, ಉಳಿದ ಆರು ಸಾಲುಗಳು ಆಟದಿಂದ ಹೊರಗೆ ಹೋಗಿವೆ. ಕಣದಲ್ಲಿರುವುದು ಈ ಎರಡೇ, ಎರಡರ ತೂಕವೂ ಒಂದೇ.

ಆರು ಸಿಂಹಗಳಿಗೂ ಇದೇ ಲೆಕ್ಕ. ಆಟ ಶುರುವಾಗುವ ಮೊದಲು ಕೇಳಿದರೆ, ಸತತ ಆರು ಸಿಂಹ ಬೀಳುವ ಸಾಧ್ಯತೆ 64ರಲ್ಲಿ 1. ಐದು ಬಿದ್ದ ಮೇಲೆ ಕೇಳಿದರೆ 2ರಲ್ಲಿ 1. ಅಪರೂಪದ ಭಾಗವೆಲ್ಲ ಆಗಲೇ ಘಟಿಸಿಹೋಗಿದೆ, ಉಳಿದಿರುವುದು ಒಂದು ಸಾದಾ ಚಿಮ್ಮುವಿಕೆ ಮಾತ್ರ. ಹಿಂದೆ ಏನಾಯಿತೆಂದು ನೆನಪಿಟ್ಟುಕೊಳ್ಳಲು ಆ ಲೋಹದ ತುಂಡಿಗೆ ತಲೆಯೂ ಇಲ್ಲ, ನೋಟ್‌ಬುಕ್ಕೂ ಇಲ್ಲ.

ಇಲ್ಲಿಯವರೆಗೆ ಹೇಳಿದಾಗ ತರಗತಿಯಲ್ಲಿ ಒಂದು ಕೈ ಮೇಲೇಳುತ್ತದೆ: ‘ಸರ್, ಬಹಳ ಸಲ ಚಿಮ್ಮಿದರೆ ಅರ್ಧಕ್ಕರ್ಧ ಆಗುತ್ತದೆ ಎಂದು ನೀವೇ ಹೇಳಿದ್ದೀರಲ್ಲ?’ ಪ್ರಶ್ನೆ ಒಳ್ಳೆಯದು. ಇಡೀ ಗೊಂದಲದ ಬೇರು ಇರುವುದೇ ಇಲ್ಲಿ. ಎರಡನೆಯ ಮಹಾಯುದ್ಧದಲ್ಲಿ ಡೆನ್ಮಾರ್ಕ್‌ನಲ್ಲಿ ಬಂಧಿಯಾಗಿದ್ದ ಜಾನ್ ಕೆರಿಚ್ ಎಂಬ ಗಣಿತಜ್ಞ, ಹೊತ್ತು ಹೋಗದೆ, ಒಂದು ನಾಣ್ಯವನ್ನು 10,000 ಸಲ ಚಿಮ್ಮಿ ಬರೆದಿಟ್ಟ. ಮೊದಲ 100ರಲ್ಲಿ ಹೆಡ್ಸ್ 44, ಟೇಲ್ಸ್ 56. ಅಂತರ 12. ಕೊನೆಗೆ 10,000ದಲ್ಲಿ ಹೆಡ್ಸ್ 5,067, ಟೇಲ್ಸ್ 4,933. ಅಂತರ 134. ಗಮನಿಸಿ, ಅಂತರ ಕುಗ್ಗಲಿಲ್ಲ, ಬೆಳೆಯಿತು! ಆದರೂ ಶೇಕಡಾವಾರು 44ರಿಂದ 50.67ಕ್ಕೆ ಬಂತು. ಮೊದಲಿನ ಕೊರತೆಯನ್ನು ನಾಣ್ಯ ತುಂಬಿಕೊಡಲಿಲ್ಲ. ಸಾವಿರಾರು ಚಿಮ್ಮುವಿಕೆಗಳ ರಾಶಿಯಲ್ಲಿ ಆ 12 ಲೆಕ್ಕಕ್ಕೇ ಬರದಂತಾಯಿತು, ಅಷ್ಟೇ. ಲೋಟದ ನೀರಿನಲ್ಲಿ ಚಿಟಿಕೆ ಉಪ್ಪು ನಾಲಿಗೆಗೆ ತಿಳಿಯುತ್ತದೆ. ಅದೇ ಚಿಟಿಕೆಯನ್ನು ಆಲಮಟ್ಟಿ ಜಲಾಶಯಕ್ಕೆ ಹಾಕಿದರೆ ಯಾರಿಗೆ ತಿಳಿದೀತು? ಉಪ್ಪನ್ನು ಯಾರೂ ಹೊರಗೆ ತೆಗೆದಿಲ್ಲ.

ಮಕ್ಕಳಿಗೆ ನಾನೊಂದು ತಮಾಷೆ ಮಾಡಿಸುತ್ತೇನೆ. ಅರ್ಧ ಮಕ್ಕಳು ನಿಜವಾಗಿ 100 ಸಲ ಚಿಮ್ಮಿ ಬರೆಯಬೇಕು, ಉಳಿದರ್ಧ ಚಿಮ್ಮದೆ ಮನಸ್ಸಿನಿಂದಲೇ ಬರೆಯಬೇಕು. ನಾನು ಹೊರಗೆ ನಿಂತಿರುತ್ತೇನೆ. ಒಳಗೆ ಬಂದು ಯಾರದು ಅಸಲಿ, ಯಾರದು ನಕಲಿ ಎಂದು ಹೇಳುತ್ತೇನೆ. ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ. ಗುಟ್ಟು ಇಷ್ಟೇ: ನಿಜವಾದ 100 ಚಿಮ್ಮುವಿಕೆಗಳಲ್ಲಿ ಎಲ್ಲೋ ಒಂದೆಡೆ ಒಂದೇ ಮುಖ ಸತತ ಆರು ಸಲ ಬೀಳುವ ಸಾಧ್ಯತೆ ಶೇಕಡ 80ರಷ್ಟಿದೆ. ಮನಸ್ಸಿನಿಂದ ಬರೆಯುವವರು ಮೂರು ಸಿಂಹ ಬರೆದಾಗಲೇ ಕೈ ನಡುಗಿ ಅಂಕಿಗೆ ಹೊರಳುತ್ತಾರೆ.

ಇನ್ನು ರೂಲೆಟ್. ಬೆಳಗಾವಿಯಿಂದ ಚೋರ್ಲಾ ಘಾಟಿ ಇಳಿದು ಗೋವಾಕ್ಕೆ ಹೋದವರಲ್ಲಿ ಕೆಲವರಾದರೂ ಮಾಂಡೋವಿ ನದಿಯ ಕ್ಯಾಸಿನೊ ಹಡಗುಗಳಲ್ಲಿ ಇದನ್ನು ನೋಡಿರುತ್ತಾರೆ. ತಿರುಗುವ ಚಕ್ರ, ಅದರೊಳಗೆ ಓಡುವ ಪುಟ್ಟ ಚೆಂಡು. ಯುರೋಪಿನ ಮಾದರಿಯ ಚಕ್ರದಲ್ಲಿ 37 ಮನೆಗಳು: 18 ಕೆಂಪು, 18 ಕಪ್ಪು, ಸೊನ್ನೆಯದೊಂದು ಹಸಿರು. ಕೆಂಪಿನ ಮೇಲೆ 100 ರೂಪಾಯಿ ಕಟ್ಟಿ ಕೆಂಪು ಬಂದರೆ ನಿಮ್ಮ ನೂರರ ಜೊತೆ ಇನ್ನೊಂದು ನೂರು ಸಿಗುತ್ತದೆ. ಆದರೆ ಗೆಲ್ಲುವ ಮನೆಗಳು 18, ಸೋಲುವ ಮನೆಗಳು 19. ಆ ಒಂದು ಹಸಿರು ಮನೆಯೇ ಮಾಲೀಕನ ಹೊಟ್ಟೆಪಾಡು. ಕಟ್ಟಿದ ಪ್ರತಿ 100 ರೂಪಾಯಿಗೆ ಸರಾಸರಿ 2 ರೂಪಾಯಿ 70 ಪೈಸೆ ಅವನ ಪಾಲು.

1913ರ ಆಗಸ್ಟ್ 18ರಂದು ಮಾಂಟೆ ಕಾರ್ಲೋದ ಕ್ಯಾಸಿನೊದಲ್ಲಿ ಚೆಂಡು ಸತತ 26 ಸಲ ಕಪ್ಪಿನಲ್ಲೇ ಬಿದ್ದಿತು. ಹದಿನೈದರ ಸುಮಾರಿಗೆ ಜನ ಮೇಜಿಗೆ ಮುಗಿಬಿದ್ದರು. ‘ಇನ್ನೇನು ಕೆಂಪು’ ಎಂದು ಪಣ ಏರಿಸುತ್ತಲೇ ಹೋದರು, ಲಕ್ಷಾಂತರ ಫ್ರಾಂಕ್ ಕಳೆದುಕೊಂಡರು. ಇಪ್ಪತ್ತು ಕಪ್ಪುಗಳ ನಂತರವೂ ಕೆಂಪಿನ ಸಾಧ್ಯತೆ 37ರಲ್ಲಿ 18 ಮಾತ್ರವೇ ಆಗಿತ್ತು, ಮೊದಲ ಸುತ್ತಿನಲ್ಲಿದ್ದಷ್ಟೇ. ಇಂದಿಗೂ ಕ್ಯಾಸಿನೊಗಳು ಮೇಜಿನ ಪಕ್ಕದ ಪರದೆಯ ಮೇಲೆ ಹಿಂದಿನ ಸುತ್ತುಗಳ ಫಲಿತಾಂಶಗಳನ್ನು ಪುಕ್ಕಟೆಯಾಗಿ ತೋರಿಸುತ್ತವೆ. ಅದರಿಂದ ಗಿರಾಕಿಗೆ ಲಾಭವಿದ್ದಿದ್ದರೆ ತೋರಿಸುತ್ತಿದ್ದವೇ?

‘ಸೋತಾಗಲೆಲ್ಲ ದುಪ್ಪಟ್ಟು ಕಟ್ಟಿದರೆ ಒಮ್ಮೆ ಗೆದ್ದರೂ ಸಾಕಲ್ಲ’ ಎನ್ನುವ ಜಾಣರೂ ಇದ್ದಾರೆ. 10 ರೂಪಾಯಿಯಿಂದ ಶುರು ಮಾಡಿ ಹತ್ತು ಸಲ ಸೋತರೆ ಹೋದದ್ದು 10,230. ಹನ್ನೊಂದನೆಯ ಸಲ ಕಟ್ಟಬೇಕಾದದ್ದು 10,240. ಗೆದ್ದರೆ ಒಟ್ಟು ಲಾಭ ಹತ್ತೇ ರೂಪಾಯಿ!

ಜೂಜಾಡದವರೂ ಈ ಭ್ರಮೆಯಿಂದ ಹೊರಗಿಲ್ಲ. ‘ಮೂರೂ ಹೆಣ್ಣಾದವು, ಈ ಸಲ ಗಂಡೇ’ ಎಂಬ ಮಾತು ಕೇಳದ ಊರು ನಮ್ಮಲ್ಲಿ ಯಾವುದಿದೆ? ಇನ್ನೂರು ವರ್ಷಗಳ ಹಿಂದೆಯೇ ಫ್ರಾನ್ಸಿನ ಗಣಿತಜ್ಞ ಲಾಪ್ಲಾಸ್ ಇದನ್ನು ಗುರುತಿಸಿ ಬರೆದಿದ್ದ. ಗಂಡು ಮಗು ಬೇಕೆಂದು ಕಾದಿದ್ದವರು ಊರಿನಲ್ಲಿ ಗಂಡುಮಕ್ಕಳು ಹುಟ್ಟಿದ ಸುದ್ದಿ ಕೇಳಿದರೆ, ತಮ್ಮ ಪಾಲು ಖರ್ಚಾಯಿತೆಂದು ಕಳವಳಪಡುತ್ತಿದ್ದರಂತೆ.

ಹಾಗೆಂದು ಹಿಂದಿನದು ಎಲ್ಲೆಡೆಯೂ ವ್ಯರ್ಥವೆಂದು ತಿಳಿಯಬೇಡಿ. ಇಸ್ಪೀಟಿನ ಕಟ್ಟಿನಿಂದ ನಾಲ್ಕು ಎಕ್ಕ ಹೊರಬಿದ್ದು ಮೇಜಿನ ಮೇಲೆಯೇ ಇದ್ದರೆ ಐದನೆಯದು ಬರುವುದಿಲ್ಲ. ಎಲೆಗಳ ಕಟ್ಟಿಗೆ ನೆನಪಿದೆ. ವಿಜಯಪುರದ ಬಸ್ಸು ಒಂದು ಗಂಟೆಯಿಂದ ಬಂದಿಲ್ಲವೆಂದರೆ ಬೇಗ ಬಂದೀತು ಎನ್ನುವುದಕ್ಕೆ ಅರ್ಥವಿದೆ. ಬಸ್ಸಿಗೆ ವೇಳಾಪಟ್ಟಿ ಇದೆ, ಇದೆಯೆಂದಾದರೂ ಹೇಳುತ್ತಾರೆ. ನಾಣ್ಯವೊಂದು ಸತತ ಇಪ್ಪತ್ತು ಸಲ ಸಿಂಹ ತೋರಿಸಿದರೆ ಅಂಕಿಯ ಮೇಲೆ ಹಣ ಕಟ್ಟುವ ಬದಲು ನಾಣ್ಯವನ್ನು ಮಗುಚಿ ನೋಡಿ. ಎರಡೂ ಕಡೆ ಸಿಂಹವೇ ಇರಬಹುದು.

ಆರನೆಯ ಪಂದ್ಯದ ಟಾಸ್ ನಮ್ಮ ಹುಡುಗರೇ ಗೆದ್ದರು. ಅಂದು ಸಂಜೆ ನಾನು ಅಂಗಡಿಗೆ ಹೋದಾಗ ಕಾಕಾ ಚಹಾ ಸೋಸುತ್ತ ತಲೆ ಎತ್ತದೆ, ‘ಏನು ಸರ್, ಹೇಳಿದ್ದೆನಲ್ಲ?’ ಎಂದರು. ಅರ್ಧದಷ್ಟು ಸಲ ನಿಜವಾಗಿಬಿಡುವ ಭ್ರಮೆಯ ಎದುರು ವಾದ ಮಾಡುವುದು ಹೇಗೆ? ನಾನು ಚಹಾ ಕುಡಿದು, ಹಳೆಯ ಬಾಕಿ ಚುಕ್ತಾ ಮಾಡಿ ಬಂದೆ.