ಬಿಸಿ ಸಭಾಂಗಣದ ಮದುವೆಗೆ ಚರ್ಮದ ಸಿದ್ಧತೆ: ವಧುವಿಗೊಂದು ಪತ್ರ

ಬಳ್ಳಾರಿ
ಏಪ್ರಿಲ್ 15

ಪ್ರಿಯ ಸೌಜನ್ಯ ಅವರಿಗೆ,

ನಮಸ್ಕಾರ. ಕಳೆದ ವಾರದ ಟ್ರಯಲ್ ಮೇಕಪ್ ಮುಗಿದ ಮೇಲೆ ನಿಮ್ಮ ತಾಯಿಯವರೊಂದಿಗೆ ಕಲ್ಯಾಣ ಮಂಟಪವನ್ನೂ ನೋಡಿ ಬಂದೆ. ವಧುವಿನ ಕೋಣೆಗೆ ಎಸಿ ಇದೆ, ಸಭಾಂಗಣಕ್ಕೆ ಇಲ್ಲ. ಬಳ್ಳಾರಿಯ ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಅದರ ಜೊತೆಗೆ ವೀಡಿಯೊದವರ ದೀಪಗಳ ಶಾಖ, ಹೋಮದ ಹೊಗೆ, ಬೆಂಕಿ ಹೊತ್ತಿಸುವಾಗ ಪುರೋಹಿತರು ಆರಿಸಲು ಹೇಳುವ ಫ್ಯಾನು, ಇವೆಲ್ಲ ಸೇರಿ ಮೇ 14ರ ಬೆಳಿಗ್ಗೆ ನಿಮ್ಮ ಮುಖ ಬೆವರುವುದಂತೂ ಖಚಿತ. ಆದ್ದರಿಂದ ಬೆವರನ್ನು ಪೂರ್ತಿ ತಡೆಯುವ ಪ್ರಯತ್ನವನ್ನು ಬಿಟ್ಟು, ಬೆವರಿದರೂ ಕೆಡದಂತಹ ತೆಳುವಾದ ಮೇಕಪ್ಪನ್ನೂ, ಅದನ್ನು ಹಿಡಿದಿಟ್ಟುಕೊಳ್ಳುವಂತಹ ಶಾಂತವಾದ ಚರ್ಮವನ್ನೂ ಸಿದ್ಧಪಡಿಸಿಕೊಳ್ಳೋಣ. ಈ ಪತ್ರವನ್ನು ಕೋಣೆಯಲ್ಲಿ ಕಣ್ಣಿಗೆ ಬೀಳುವ ಕಡೆ ಅಂಟಿಸಿಕೊಂಡು, ಆದ ಕೆಲಸಕ್ಕೆ ಗುರುತು ಹಾಕುತ್ತಾ ಹೋಗಿ.

ಈ ವಾರದಿಂದ ಏಪ್ರಿಲ್ 30ರವರೆಗೆ

ಹೊಸದಾಗಿ ಏನನ್ನಾದರೂ ಹಚ್ಚಬೇಕೆಂದಿದ್ದರೆ ಅದಕ್ಕೆ ಅವಕಾಶ ಇರುವುದು ಈಗ ಮಾತ್ರ. ನಾನು ಹೇಳಿದ ಜೆಲ್ ಸನ್‌ಸ್ಕ್ರೀನ್ ಮತ್ತು ಮಾಯಿಶ್ಚರೈಸರ್ ಎರಡನ್ನೂ ಮೊದಲು ಮೊಣಕೈಯ ಒಳಭಾಗದಲ್ಲಿ ದಿನಕ್ಕೆ ಎರಡು ಸಲದಂತೆ ಒಂದು ವಾರ ಹಚ್ಚಿ ನೋಡಿ. ತುರಿಕೆ, ಕೆಂಪು, ಉರಿ ಯಾವುದೂ ಇಲ್ಲದಿದ್ದರೆ ಮಾತ್ರ ಮುಖಕ್ಕೆ ಬಳಸಿ. ಸೀರೆ, ಆಹ್ವಾನಪತ್ರಿಕೆ ಎಂದು ನೀವು ಬಿಸಿಲಲ್ಲಿ ಓಡಾಡುತ್ತಿರುವುದರಿಂದ ಎಸ್‌ಪಿಎಫ್ 50ರ ಸನ್‌ಸ್ಕ್ರೀನನ್ನು ಮುಖಕ್ಕೆ ಮಾತ್ರವಲ್ಲದೆ ಕುತ್ತಿಗೆಗೂ ಬ್ಲೌಸಿನ ಹಿಂಭಾಗದಲ್ಲಿ ಕಾಣುವ ಬೆನ್ನಿಗೂ ಹಚ್ಚಿ, ಹೊರಗಿರುವಾಗ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಫೇಶಿಯಲ್ ಮಾಡಿಸುವುದಿದ್ದರೆ ಏಪ್ರಿಲ್ 30ರೊಳಗೆ ಮುಗಿಸಿ. ಅದಾದ ಮೇಲೆ ಎಷ್ಟೇ ಒಳ್ಳೆಯ ಪಾರ್ಲರಾದರೂ ಬ್ಲೀಚ್, ಪೀಲಿಂಗ್, ಹೊಸ ಪ್ಯಾಕ್ ಯಾವುದೂ ಬೇಡ.

ಒಂದು ವಿಷಯವನ್ನು ಬಿಡಿಸಿ ಹೇಳಲೇಬೇಕು. ಬೇಗ ಬೆಳ್ಳಗಾಗಲು ಮೆಡಿಕಲ್ ಶಾಪಿನ ಟ್ಯೂಬೊಂದನ್ನು ತಂದುಕೊಡುವುದಾಗಿ ನಿಮ್ಮ ಸಂಬಂಧಿಕರೊಬ್ಬರು ಹೇಳಿದ್ದು ನನ್ನ ಕಿವಿಗೂ ಬಿತ್ತು. ದಯವಿಟ್ಟು ಅದನ್ನು ಮುಟ್ಟಬೇಡಿ. ಅಂತಹ ಎಷ್ಟೋ ಟ್ಯೂಬುಗಳಲ್ಲಿ ಬೀಟಾಮೆಥಾಸೋನ್, ಮೊಮೆಟಾಸೋನ್, ಕ್ಲೋಬೆಟಾಸೋಲ್‌ನಂತಹ ಸ್ಟೀರಾಯ್ಡ್ ಇರುತ್ತದೆ. ಮೊದಲ ಕೆಲವು ದಿನ ಮುಖ ತಿಳಿಯಾದಂತೆ ಕಂಡರೂ ಕ್ರಮೇಣ ಚರ್ಮ ತೆಳುವಾಗಿ, ಮೊಡವೆ ಎದ್ದು, ಹಚ್ಚುವುದನ್ನು ಬಿಟ್ಟ ಕೂಡಲೇ ಉರಿಯುತ್ತದೆ. ವೈದ್ಯರ ಚೀಟಿಯಿಲ್ಲದೆ ಬಳಸುವ ಔಷಧ ಅದಲ್ಲ. ನಿಮ್ಮ ಬಣ್ಣ ಬದಲಾಗಬೇಕಾದ ಅಗತ್ಯವೇ ಇಲ್ಲ. ಟ್ರಯಲ್ ದಿನ ಕುತ್ತಿಗೆಯ ಬಣ್ಣಕ್ಕೆ ಸರಿಹೊಂದಿಸಿದ ಫೌಂಡೇಶನ್ನಿನಲ್ಲಿ ನೀವು ಎಷ್ಟು ಕಳೆಯಾಗಿದ್ದಿರೆಂದರೆ, ಅದಕ್ಕಿಂತ ಒಂದು ಛಾಯೆ ತಿಳಿಯಾದುದನ್ನು ನಾನು ಖಂಡಿತ ಹಚ್ಚುವುದಿಲ್ಲ.

ಮೇ 3ರಿಂದ ಮೇ 12

ರಾತ್ರಿ ಹಚ್ಚುತ್ತಿರುವ ರೆಟಿನಾಲ್ ಸೀರಮನ್ನು ಮೇ 3ಕ್ಕೆ ನಿಲ್ಲಿಸಿ. ಅದನ್ನು ಬಳಸುತ್ತಿರುವಾಗ ವ್ಯಾಕ್ಸಿಂಗ್ ಮಾಡಿಸಿದರೆ ಮೇಲಿನ ಪದರ ಪಟ್ಟಿಯೊಂದಿಗೆ ಕಿತ್ತುಬರಬಹುದು. ಮೊಡವೆಗೆ ವೈದ್ಯರು ಮಾತ್ರೆ ಕೊಟ್ಟಿದ್ದರೆ ಅದನ್ನು ನಿಲ್ಲಿಸುವುದು, ಮುಂದುವರಿಸುವುದು ಅವರ ಮಾತಿನಂತೆಯೇ ಆಗಲಿ. ಮಾತ್ರೆಯ ಹೆಸರನ್ನು ನನಗೆ ತಿಳಿಸಿ. ಐಬ್ರೋ ಮತ್ತು ವ್ಯಾಕ್ಸಿಂಗ್ ಮೇ 9ರಂದು ಮುಗಿಯಲಿ, ಏಕೆಂದರೆ ಮೆಹಂದಿ 11ರ ಸಂಜೆ ಇದೆ. ಮೆಹಂದಿಯವರಿಗೆ ಗಿಡದ ಎಲೆಯ ಮೆಹಂದಿಯೇ ಬೇಕೆಂದು ಮೊದಲೇ ಹೇಳಿ. ಒಂದೇ ಗಂಟೆಯಲ್ಲಿ ಕಪ್ಪಾಗುವ ಕೋನಿನಲ್ಲಿ ತಲೆಗೂದಲ ಡೈಗೆ ಬಳಸುವ ರಾಸಾಯನಿಕ ಇರಬಹುದು, ಅದರಿಂದ ಕೈತುಂಬ ಬೊಬ್ಬೆ ಏಳುವ ಅಪಾಯವಿದೆ. ಒಳ್ಳೆಯ ಮೆಹಂದಿ ಒಂದೆರಡು ದಿನಗಳಲ್ಲಿ ತಾನಾಗಿಯೇ ಗಾಢವಾಗುತ್ತದೆ.

ಕಂಕುಳಿಗೆ ಬೆವರು ತಡೆಯುವ ರೋಲ್‌ಆನ್ ಅನ್ನು ಮೇ 10ರಿಂದ ಪ್ರತಿ ರಾತ್ರಿ ಮಲಗುವ ಮುನ್ನ, ಚರ್ಮ ಪೂರ್ತಿ ಒಣಗಿರುವಾಗ ಹಚ್ಚಿ. ಬೆಳಿಗ್ಗೆ ಸ್ನಾನವಾದ ಮೇಲೆ ಹಚ್ಚುವುದಕ್ಕಿಂತ ರಾತ್ರಿ ಹಚ್ಚಿದ್ದು ಚೆನ್ನಾಗಿ ಕೆಲಸ ಮಾಡುತ್ತದೆ. ರೇಷ್ಮೆ ಬ್ಲೌಸಿನ ಮೇಲೆ ಕಲೆ ಕಾಣದಿರಲು ಒಳಗೆ ಹತ್ತಿಯ ಪ್ಯಾಡುಗಳನ್ನೂ ಹೊಲಿಸಿಕೊಳ್ಳಿ.

ಮೇ 13, ಅರಿಶಿನ ಶಾಸ್ತ್ರ ಮತ್ತು ಆರತಕ್ಷತೆ

ಬೆಳಿಗ್ಗೆ ಅರಿಶಿನ, ಸಂಜೆ ಆರತಕ್ಷತೆ ಇರುವುದರಿಂದ ಮುಖದ ಮೇಲೆ ಹಳದಿ ಉಳಿದರೆ ಫೌಂಡೇಶನ್ನಿನ ಬಣ್ಣವೇ ತಪ್ಪಿ ಕಾಣುತ್ತದೆ. ಶಾಸ್ತ್ರಕ್ಕೆ ಕೂರುವ ಮೊದಲು ಮುಖಕ್ಕೆ ನಿಮ್ಮ ಮಾಯಿಶ್ಚರೈಸರನ್ನು ಸ್ವಲ್ಪ ದಪ್ಪವಾಗಿಯೂ, ಕೈ, ಕಾಲು, ಕುತ್ತಿಗೆಗೆ ಕೊಬ್ಬರಿ ಎಣ್ಣೆಯನ್ನೂ ಹಚ್ಚಿಕೊಳ್ಳಿ. ಅಡುಗೆಯ ಅರಿಶಿನಕ್ಕಿಂತ ಕಸ್ತೂರಿ ಅರಿಶಿನ ಕಡಿಮೆ ಹತ್ತುತ್ತದೆ. ಹಿರಿಯರಿಗೆ ಮೊದಲೇ ಹೇಳಿ, ಕೆನ್ನೆಗೆ ಎರಡು ಬೆರಳಷ್ಟು ಮಾತ್ರ ಹಚ್ಚುವಂತೆ ಒಪ್ಪಿಸಿ. ಅರಿಶಿನದ ಬಣ್ಣ ನೀರಿಗಿಂತ ಎಣ್ಣೆಗೆ ಬೇಗ ಬಿಡುವುದರಿಂದ ಮೊದಲು ಕ್ಲೆನ್ಸಿಂಗ್ ಎಣ್ಣೆಯಿಂದ ಒರೆಸಿ, ಆಮೇಲೆ ಫೇಸ್‌ವಾಶ್ ಬಳಸಿ. ಕಡಲೆಹಿಟ್ಟು ಹಾಕಿ ಉಜ್ಜುವುದು ಬೇಡ. ಆರತಕ್ಷತೆ ಮುಗಿದು ಎಷ್ಟೇ ತಡವಾದರೂ ಮೇಕಪ್ ತೆಗೆದೇ ಮಲಗಿ.

ಮೇ 14, ಮುಹೂರ್ತದ ದಿನ

ನಾನು ಬೆಳಗಿನ ಜಾವ 4.30ಕ್ಕೆ ಬರುತ್ತೇನೆ. ಅಷ್ಟರಲ್ಲಿ ಸ್ನಾನ ಮುಗಿಸಿ, ಮುಖ ತೊಳೆದು, ಬೇರೇನನ್ನೂ ಹಚ್ಚದೆ ಹತ್ತಿಯ ಮುಂಬಟನ್ನಿನ ಅಂಗಿಯಲ್ಲಿ ಸಿದ್ಧವಾಗಿರಿ. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಮುಖಕ್ಕೆ ಸ್ವಲ್ಪ ಹೊತ್ತು ಆಡಿಸಿ, ತೆಳುವಾದ ಜೆಲ್ ಮಾಯಿಶ್ಚರೈಸರ್ ಇಂಗುವವರೆಗೆ ಕಾದು, ಟ್ರಯಲ್‌ನಲ್ಲಿ ಬಳಸಿದ ಪ್ರೈಮರ್ ಮತ್ತು ಫೌಂಡೇಶನ್ ಜೋಡಿಯನ್ನೇ ಬಳಸುತ್ತೇನೆ. ಸಿಲಿಕೋನ್ ಪ್ರೈಮರಿನ ಮೇಲೆ ನೀರಿನಂಶದ ಫೌಂಡೇಶನ್ ಹಾಕಿದರೆ ಬೆವರಿನೊಂದಿಗೆ ಉಂಡೆಕಟ್ಟಿ ಕಳಚುವುದುಂಟು, ಹಾಗಾಗಿ ಜೋಡಿ ಬದಲಿಸುವುದಿಲ್ಲ. ಬಿಳಿಪದರ ಬಿಡುವ ಸನ್‌ಸ್ಕ್ರೀನ್ ಅಂದು ಬೇಡ, ಕ್ಯಾಮೆರಾದ ಫ್ಲ್ಯಾಶಿಗೆ ಮುಖ ಬೂದಿ ಬಳಿದಂತೆ ಕಾಣುತ್ತದೆ.

ಬಾಸಿಂಗದ ದಾರ ಹಣೆಗೆ ಒತ್ತುವ ಜಾಗದಲ್ಲಿ ನಾನು ಫೌಂಡೇಶನ್ ಬಹುತೇಕ ಹಚ್ಚುವುದೇ ಇಲ್ಲ, ಪೌಡರ್ ಮಾತ್ರ ಒತ್ತುತ್ತೇನೆ. ಎಷ್ಟು ಹಚ್ಚಿದರೂ ಅದು ದಾರಕ್ಕೆ ಹತ್ತಿ, ಬಾಸಿಂಗ ಬಿಚ್ಚಿದಾಗ ಹಣೆಯ ಮೇಲೆ ಗೆರೆ ಉಳಿಯುತ್ತದೆ. ಅಂತರಪಟ ಸರಿದ ಮೇಲೆ ಜೀರಿಗೆ-ಬೆಲ್ಲ ಬೀಳುವ ಹೊತ್ತಿಗೆ ನೀವು ಬೆವರಿರುತ್ತೀರಿ, ಬೆಲ್ಲದ ಚೂರು ಕೆನ್ನೆಗೆ ಅಂಟುತ್ತದೆ. ಅದನ್ನು ಕೈಯಿಂದ ಒರೆಸಬೇಡಿ. ನಿಮ್ಮ ಪಕ್ಕದಲ್ಲಿ ನಿಲ್ಲುವ ತಂಗಿ ಒದ್ದೆ ಮಾಡಿ ಹಿಂಡಿದ ಇಯರ್‌ಬಡ್‌ನಿಂದ ಅದನ್ನು ಎತ್ತಿ ತೆಗೆಯಲಿ. ಹೋಮದ ಹೊಗೆಗೆ ಕಣ್ಣೀರು ಬಂದರೆ ಟಿಶ್ಯೂವಿನ ಮೂಲೆಯನ್ನು ರೆಪ್ಪೆಯ ಕೆಳಗೆ ಇಟ್ಟು ಹೀರಿಸಿಕೊಂಡರೆ ಸಾಕು. ಮುಖದ ಬೆವರಿಗೂ ಇದೇ ಕ್ರಮ: ಟಿಶ್ಯೂ ಒತ್ತಿ, ಎತ್ತಿ, ಆಮೇಲೆ ಪೌಡರ್. ಬೆವರಿನ ಮೇಲೆಯೇ ಪೌಡರ್ ಹಾಕಿದರೆ ಪದರ ಒಡೆಯುತ್ತದೆ.

ಮುಹೂರ್ತದವರೆಗೆ ಉಪವಾಸವಿದ್ದರೂ ನೀರು, ಎಳನೀರು ಕುಡಿಯಬಹುದೇ ಎಂದು ಪುರೋಹಿತರನ್ನು ಮೊದಲೇ ಕೇಳಿಡಿ. ಸ್ಟ್ರಾ ಜೊತೆಗಿರಲಿ. ತಲೆ ಸುತ್ತಿದರೆ ಮೇಕಪ್ಪಿನ ಚಿಂತೆ ಬಿಟ್ಟು ತಕ್ಷಣ ಹೇಳಿ.

ತಂಗಿಯ ಕೈಚೀಲಕ್ಕೆ: ಎರಡು ಪ್ಯಾಕೆಟ್ ಬಿಳಿ ಟಿಶ್ಯೂ, ಎಣ್ಣೆ ಹೀರುವ ಕಾಗದ, ಪೌಡರ್ ಮತ್ತು ಪಫ್, ಅಂದು ಹಚ್ಚಿದ್ದೇ ಲಿಪ್‌ಸ್ಟಿಕ್, ಇಯರ್‌ಬಡ್, ಹೆಚ್ಚುವರಿ ಬಿಂದಿ, ಬ್ಯಾಟರಿ ಫ್ಯಾನು, ಸೇಫ್ಟಿ ಪಿನ್, ಒಆರ್‌ಎಸ್, ಸೊಂಟದ ಪಟ್ಟಿ ಉಜ್ಜುವ ಕಡೆಗೆ ವ್ಯಾಸಲಿನ್.

ಪರೀಕ್ಷೆಗೆ ಹಚ್ಚಿದ ಮೊಣಕೈಯ ಫೋಟೊವನ್ನು ಏಪ್ರಿಲ್ 24ರೊಳಗೆ, ಫ್ಲ್ಯಾಶ್ ಇಲ್ಲದೆ ಕಿಟಕಿಯ ಬೆಳಕಿನಲ್ಲಿ ತೆಗೆದು ಕಳುಹಿಸಿ. ನಡುವೆ ಮೊಡವೆ ಎದ್ದರೆ ಹಿಸುಕದೆ ನನಗೆ ಫೋನ್ ಮಾಡಿ.

ಪ್ರೀತಿಯಿಂದ,
ಶೈಲಜಾ