ವಿಷಯ: ಔಟ್‌ಟರ್ನ್ ರಿಪೋರ್ಟ್ ಕೊಡಲು ಜುಲೈ 15ರವರೆಗೆ ಸಮಯ ಬೇಕಾಗಿದೆ

ಕಾಮತ್ ಸರ್, ನಮಸ್ಕಾರ.

ಗೇರುಬೀಜದ ಲಾಟ್‌ವಾರು ಔಟ್‌ಟರ್ನ್ ರಿಪೋರ್ಟ್ ಈ ಶುಕ್ರವಾರ, ಅಂದರೆ ಜುಲೈ 10ಕ್ಕೆ ಬೇಕು ಅಂತ ಹೇಳಿದ್ದೀರಿ. ಅದನ್ನು ಮುಂದಿನ ಬುಧವಾರ, 15ರ ಸಂಜೆಯೊಳಗೆ ಕೊಡಲು ಅವಕಾಶ ಮಾಡಿಕೊಡಿ ಅಂತ ಕೇಳಿಕೊಳ್ಳುತ್ತೇನೆ. ಪಾಲುದಾರರ ಮೀಟಿಂಗ್ ಇರುವುದು 17ಕ್ಕೆ. ಹಾಗಾಗಿ ನಿಮಗೆ ನೋಡಲಿಕ್ಕೆ ಗುರುವಾರ ಪೂರ್ತಿ ಸಿಗುತ್ತದೆ.

ಕಾರಣ ಹೇಳುತ್ತೇನೆ. ಈ ವಾರವೇ ದುಬೈ ಕಂಟೇನರ್ ಹೋಗಬೇಕು. ಬುಧವಾರ ನಮ್ಮಲ್ಲೇ ಲೋಡಿಂಗ್, 700 ಬಾಕ್ಸ್. ಗುರುವಾರ ರಾತ್ರಿಯೊಳಗೆ ಪಣಂಬೂರಿನಲ್ಲಿ ಗೇಟ್ ಒಳಗೆ ಹೋಗಬೇಕು. ಫೈಟೊ ಸರ್ಟಿಫಿಕೇಟ್, ಪ್ಯಾಕಿಂಗ್ ಲಿಸ್ಟ್, ತೂಕದ ವಿಜಿಎಂ ಘೋಷಣೆ, ಶಿಪ್ಪಿಂಗ್ ಬಿಲ್‌ಗೆ ಬೇಕಾದ ವಿವರ ಎಲ್ಲ ನನ್ನ ಕೈಯಿಂದಲೇ ಏಜೆಂಟರಿಗೆ ಹೋಗಬೇಕು. ಈ ಹಡಗು ತಪ್ಪಿದರೆ ಮುಂದಿನದು ಹೊರಡುವಷ್ಟರಲ್ಲಿ ಎಲ್‌ಸಿಯಲ್ಲಿ ಬರೆದ ಶಿಪ್‌ಮೆಂಟ್ ದಿನಾಂಕ ದಾಟಿರುತ್ತದೆ. ಆಮೇಲೆ ಬ್ಯಾಂಕಿನ ಹತ್ತಿರ ಮಾತಾಡಿ ಸರಿಮಾಡುವುದು ಸಣ್ಣ ಕೆಲಸ ಅಲ್ಲ.

ಇನ್ನೊಂದು ಜಿಎಸ್‌ಟಿಆರ್-1. ಜೂನ್ ತಿಂಗಳದ್ದಕ್ಕೆ 11 ಕೊನೆ ದಿನ, ಶನಿವಾರ. ಅಕೌಂಟ್ಸ್‌ನಲ್ಲಿ ಶ್ಯಾಮಲಾ ಹೆರಿಗೆ ರಜೆಯಲ್ಲಿರುವುದರಿಂದ ಈ ಸಲ ಬಿಲ್‌ಗಳನ್ನೆಲ್ಲ ನಾನೇ ತಾಳೆ ನೋಡುತ್ತಿದ್ದೇನೆ. ನಾವು ತಡ ಮಾಡಿದರೆ ದಂಡ ಒಂದು ಕಡೆ, ನಮ್ಮ ಬಿಲ್‌ಗಳು ನಮ್ಮಿಂದ ತಿರುಳು ಕೊಂಡವರ ಈ ತಿಂಗಳ 2ಬಿಯಲ್ಲಿ ಕಾಣುವುದೇ ಇಲ್ಲ. ಅವರ ಇನ್‌ಪುಟ್ ಕ್ರೆಡಿಟ್ ಒಂದು ತಿಂಗಳು ಹಿಂದೆ ಬೀಳುತ್ತದೆ. ಹಬ್ಬದ ಆರ್ಡರ್ ಮಾತಾಡುವ ಹೊತ್ತಿಗೆ ಅವರಿಗೆ ಆ ಬೇಸರ ಕೊಡುವುದು ಬೇಡ ಅಲ್ವಾ ಸರ್. ನಾಳೆ 7, ಟಿಡಿಎಸ್ ಕಟ್ಟುವುದೂ ಉಂಟು. ಅದು ಅರ್ಧ ಗಂಟೆಯ ಕೆಲಸ, ಮುಗಿಸುತ್ತೇನೆ.

ಈ ಎರಡರ ಗಡುವು ನಮ್ಮ ಕೈಯಲ್ಲಿಲ್ಲ. ಔಟ್‌ಟರ್ನ್ ರಿಪೋರ್ಟ್ ನಮ್ಮೊಳಗಿನದು, ಅದಕ್ಕೇ ಅದನ್ನು ಮುಂದೆ ಹಾಕಲು ಕೇಳುತ್ತಿದ್ದೇನೆ. ಆದರೆ ಅದು ಮುಖ್ಯ ಅಲ್ಲ ಅಂತ ಖಂಡಿತ ಅಲ್ಲ. ಮುಂದಿನ ಖರೀದಿ ನಿಂತಿರುವುದೇ ಅದರ ಮೇಲೆ ಅಂತ ನನಗೆ ಗೊತ್ತು.

ರಿಜಿಸ್ಟರ್ ನೋಡಿ ಶುಕ್ರವಾರಕ್ಕೇ ಒಂದು ಲೆಕ್ಕ ಕೊಡಬಹುದು. ಅದು ಸರಿ ಬರುವುದಿಲ್ಲ ಸರ್. ಮಳೆ ಹಿಡಿದ ಮೇಲೆ ಬೋರ್ಮಾದಿಂದ ಹೊರಗೆ ಬಂದ ಬೀಜ ಪೀಲಿಂಗ್ ಮುಗಿದು ಗ್ರೇಡಿಂಗ್ ಮೇಜಿಗೆ ಬರುವಷ್ಟರಲ್ಲಿ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಬೋರ್ಮಾ ಪುಸ್ತಕದಲ್ಲಿ ಬರೆದ ತೂಕ ಬೇರೆ, ಟಿನ್ ತುಂಬುವಾಗ ತಕ್ಕಡಿ ತೋರಿಸುವ ತೂಕ ಬೇರೆ. ಬೆನಿನ್ ಲಾಟ್‌ಗೆ 80 ಕಿಲೋ ಚೀಲಕ್ಕೆ 48 ಪೌಂಡ್ ತಿರುಳು ಅಂತ ಮಾತಾಗಿತ್ತು, ಅಂದರೆ ಸುಮಾರು 21.8 ಕಿಲೋ. ತೇವದ ತೂಕ ಸೇರಿಸಿ ನೋಡಿದರೆ ಅಷ್ಟು ಸಿಕ್ಕಿದ ಹಾಗೆ ಕಾಣುತ್ತದೆ. ತೇವ ಕಳೆದು ನೋಡಿದರೆ ಕಡಿಮೆ ಇರಬಹುದು ಅಂತ ನನ್ನ ಅಂದಾಜು. ಅದೇ ಪಾರ್ಟಿಯಿಂದ ಮತ್ತೆ ತೆಗೆದುಕೊಳ್ಳುವ ಮೊದಲು ಇದು ನಿಮಗೆ ಸರಿಯಾಗಿ ತಿಳಿದಿರಬೇಕು. ಅದಕ್ಕೆ ಪ್ಯಾಕಿಂಗ್ ಹಂತದಲ್ಲಿ ಪ್ರತಿ ಲಾಟ್‌ನ ತೇವ ಅಳೆದು, ತುಂಡು ಮತ್ತು ಸಿಪ್ಪೆ ಅಂಟಿದ್ದನ್ನು ಬೇರೆ ತೂಗಿಸಿ ಲೆಕ್ಕ ಹಾಕಬೇಕು. ಸೋಮವಾರ, ಮಂಗಳವಾರ ಗ್ರೇಡಿಂಗ್‌ನವರ ಜೊತೆ ನಿಂತು ಅದನ್ನು ಮಾಡಿಸುತ್ತೇನೆ. ಸೂಪರ್‌ವೈಸರ್ ಹತ್ತಿರ ಮಾತಾಡಿದ್ದೇನೆ, ಒಪ್ಪಿದ್ದಾರೆ.

ಅಷ್ಟರವರೆಗೆ ನಿಮ್ಮ ಕೈ ಖಾಲಿ ಇರುವುದಿಲ್ಲ. ನಮ್ಮ ಊರಿನ ಬೀಜದ ಎರಡು ಲಾಟ್, ಪುತ್ತೂರು ಮತ್ತು ಸುಳ್ಯದ್ದು, ಮಳೆಗೆ ಮೊದಲೇ ಪ್ಯಾಕ್ ಆಗಿ ಮುಗಿದಿವೆ. ಅವುಗಳ ಪೂರ್ತಿ ಲೆಕ್ಕ, ಗ್ರೇಡ್‌ವಾರು, ಹೇಳಿದ ಹಾಗೆ ಶುಕ್ರವಾರವೇ ಕಳಿಸುತ್ತೇನೆ. ಉಳಿಯುವುದು ಬೆನಿನ್ ಒಂದು, ಐವರಿ ಕೋಸ್ಟ್ ಎರಡು.

15 ತೀರಾ ತಡ ಅಂತ ನಿಮಗೆ ಅನ್ನಿಸಿದರೆ ಒಂದು ದಾರಿ ಉಂಟು. ಕಂಟೇನರ್ ಲೋಡಿಂಗ್ ದಿನ ಬಾಕ್ಸ್ ಎಣಿಸಿ ಸೀಲ್ ನಂಬರ್ ಬರೆದುಕೊಳ್ಳಲು ಕಾರ್ಕಳ ಯುನಿಟ್‌ನಿಂದ ಒಬ್ಬರನ್ನು ಕಳಿಸಿಕೊಡಿ. ಆಗ ಬುಧವಾರ ನನಗೆ ಅರ್ಧ ದಿನ ಉಳಿಯುತ್ತದೆ, ಬೆನಿನ್ ಲಾಟ್ ಮೊದಲು ಹಿಡಿದು ಸೋಮವಾರ 13ಕ್ಕೆ ಕೊಡಬಹುದು. ಐವರಿ ಕೋಸ್ಟ್‌ನವು ಮಾತ್ರ ಬುಧವಾರವೇ.

ನಾಳೆ ಮಧ್ಯಾಹ್ನದೊಳಗೆ ಒಂದು ಮಾತು ತಿಳಿಸಿದರೆ ಗ್ರೇಡಿಂಗ್‌ನವರಿಗೆ ದಿನ ಹೇಳಲಿಕ್ಕೆ ಅನುಕೂಲ. ಫೋನಿನಲ್ಲಿ ಹೇಳಿದರೂ ಸಾಕು, ಆರು ಗಂಟೆವರೆಗೆ ಆಫೀಸಿನಲ್ಲೇ ಇರುತ್ತೇನೆ.

ವಂದನೆಗಳೊಂದಿಗೆ,
ಸವಿತಾ
ಸ್ಟೋರ್ಸ್ ಮತ್ತು ಅಕೌಂಟ್ಸ್, ಬೈಕಂಪಾಡಿ